ತೊಗರಿ ಹೊಲದ ಚೀಟಿ: ಏನು ಕಂಡರೆ ಏನು ಮಾಡಬೇಕು

ಜೇವರ್ಗಿಯಿಂದ ಬೇರೆಯಾಗಿ ತಾಲ್ಲೂಕಾದ ಯಡ್ರಾಮಿಯ ಸುತ್ತ ಅಕ್ಟೋಬರ್ ತಿಂಗಳಲ್ಲಿ ಓಡಾಡಿದರೆ ಎರಡೂ ಬದಿಗೆ ಕಾಣುವುದು ತೊಗರಿ. ಅರಳಗುಂಡಗಿಯ ಕಡೆ ಹೋದರೂ ಅದೇ, ಕಡಕೋಳದ ಕಡೆ ಹೋದರೂ ಅದೇ. ಎರೆ ಭೂಮಿಯ ಈ ಬೆಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಈ ಹೊಲಗಳ ಒಡೆಯರನ್ನು ಅಕ್ಟೋಬರಿನಲ್ಲಿ ಮಾತಾಡಿಸಿ ನೋಡಿ. ‘ಕೀಡಿ ನೋಡಬೇಕು’, ‘ಎಣ್ಣಿ ಹೊಡೀಬೇಕು’ ಎಂಬ ಮಾತು ಎಲ್ಲರ ಬಾಯಲ್ಲೂ ಇರುತ್ತದೆ. ಕೆಲವರು ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿರುತ್ತಾರೆ, ಕೆಲವರು ಮೊಬೈಲಿನಲ್ಲಿ ಅಲಾರಾಂ ಇಟ್ಟಿರುತ್ತಾರೆ. ಆದರೂ ಕಾಯಿಕೊರಕ ಪ್ರತಿ ಹಂಗಾಮಿನಲ್ಲೂ ಎಷ್ಟೋ ಹೊಲಗಳನ್ನು ನೆನಪಿದ್ದೂ ಕೆಲಸವಾಗದ ಹೊತ್ತಿನಲ್ಲೇ ಹಿಡಿಯುತ್ತದೆ.

ತಪ್ಪು ರೈತನ ನೆನಪಿನಲ್ಲಿಲ್ಲ, ಚೀಟಿಯ ಬರವಣಿಗೆಯಲ್ಲಿದೆ. ‘ಎಣ್ಣಿ ಹೊಡೀಬೇಕು’ ಎಂದು ಬರೆದವನು ಯಾವಾಗ, ಏನು ಕಂಡಾಗ, ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕು ಎಂಬುದನ್ನು ಮುಂದಕ್ಕೆ ಹಾಕಿರುತ್ತಾನೆ. ಅಲಾರಾಂ ಹೊಡೆದಾಗ ಅವೆಲ್ಲವನ್ನೂ ಅವನು ಮತ್ತೆ ಮೊದಲಿನಿಂದ ಯೋಚಿಸಬೇಕು. ಆಗ ಅವನು ಬೇರೆಯವರ ಹೊಲದಲ್ಲಿ ಕೂಲಿಗೆ ನಿಂತಿರಬಹುದು, ಬಸ್ಸಿನಲ್ಲಿರಬಹುದು, ಮನೆಯಲ್ಲಿ ಬೀಗರು ಬಂದಿರಬಹುದು. ಅಲಾರಾಂ ಬಂದ್ ಮಾಡುತ್ತಾನೆ, ಅಲ್ಲಿಗೆ ಮುಗಿಯಿತು.

ಇದಕ್ಕೊಂದು ಸರಳವಾದ, ಪರೀಕ್ಷೆಗೆ ಒಳಪಟ್ಟ ಉಪಾಯವಿದೆ. ಚೀಟಿಯನ್ನು ‘ಇದು ಕಂಡರೆ, ಇದನ್ನು ಮಾಡುವುದು’ ಎಂದು ಎರಡು ತುಂಡಾಗಿ ಬರೆಯುವುದು. ಮೊದಲ ತುಂಡಿನಲ್ಲಿ ಕಣ್ಣಿಗೆ ಬೀಳುವ ಒಂದು ಗುರುತು, ಎರಡನೆಯದರಲ್ಲಿ ಕೈ ಮಾಡುವ ಮೊದಲ ಕೆಲಸ. ತೊಗರಿಯ ಕಾಯಿಕೊರಕಕ್ಕೆ ಈ ರೀತಿ ಹೇಗೆ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಒಂದು ಹೊಲವನ್ನು ಮುಂದಿಟ್ಟುಕೊಂಡು ನೋಡೋಣ.

ಮನೋವಿಜ್ಞಾನಿಗಳು ಕಂಡದ್ದು

ಜರ್ಮನಿಯ ಮನೋವಿಜ್ಞಾನಿ ಪೀಟರ್ ಗಾಲ್‌ವಿಟ್ಸರ್ 1990ರ ದಶಕದಲ್ಲಿ ಒಂದು ಪ್ರಶ್ನೆಯ ಬೆನ್ನು ಹತ್ತಿದರು. ಮಾಡಬೇಕೆಂಬ ಮನಸ್ಸು ಗಟ್ಟಿಯಾಗಿದ್ದರೂ ಕೆಲಸ ಯಾಕೆ ಆಗುವುದಿಲ್ಲ? 1997ರಲ್ಲಿ ಅವರು ಸಹೋದ್ಯೋಗಿ ಬ್ರಾಂಡ್‌ಸ್ಟೆಟರ್ ಜೊತೆ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರಿ ಎಂದು ಹಬ್ಬವಾದ ಎರಡು ದಿನದೊಳಗೆ ಬರೆದು ಕಳಿಸುವಂತೆ ವಿದ್ಯಾರ್ಥಿಗಳನ್ನು ಕೇಳಲಾಯಿತು. ಅರ್ಧ ಮಂದಿಗೆ, ಯಾವಾಗ ಮತ್ತು ಎಲ್ಲಿ ಕುಳಿತು ಬರೆಯುತ್ತೀರಿ ಎಂಬುದನ್ನೂ ಮೊದಲೇ ನಿಗದಿ ಮಾಡಿಸಿದರು. ಹಾಗೆ ಜಾಗ, ಹೊತ್ತು ಗೊತ್ತು ಮಾಡಿಕೊಂಡವರಲ್ಲಿ ನಾಲ್ಕಕ್ಕೆ ಸುಮಾರು ಮೂವರು ಬರೆದು ಕಳಿಸಿದರು. ಬರೀ ಒಪ್ಪಿಕೊಂಡು ಹೋದವರಲ್ಲಿ ಮೂವರಿಗೆ ಸುಮಾರು ಒಬ್ಬರು ಮಾತ್ರ ಕಳಿಸಿದರು. ಎರಡೂ ಗುಂಪಿಗೆ ಮನಸ್ಸಿತ್ತು. ಒಂದು ಗುಂಪಿಗೆ ಮಾತ್ರ ಕೆಲಸ ಶುರುವಾಗುವ ಜಾಗ ಗೊತ್ತಿತ್ತು.

ಗಾಲ್‌ವಿಟ್ಸರ್ ಕೊಡುವ ವಿವರಣೆ ಇಷ್ಟೇ: ಒಂದು ಗುರುತನ್ನೂ ಒಂದು ಕೆಲಸವನ್ನೂ ಮನಸ್ಸಿನಲ್ಲಿ ಮೊದಲೇ ಗಂಟು ಹಾಕಿಬಿಟ್ಟರೆ, ಆ ಗುರುತು ಎದುರಾದಾಗ ಕೆಲಸ ತಾನಾಗಿ ನೆನಪಿಗೆ ಬರುತ್ತದೆ. ಅಲ್ಲಿ ನಿಂತು ಮಾಡಲೋ ಬೇಡವೋ ಎಂದು ತೂಗುವ ಹೊರೆ ಇರುವುದಿಲ್ಲ.

ಕ್ರಿಸ್‌ಮಸ್ ವರದಿ ಒಮ್ಮೆ ಮಾಡಿ ಮುಗಿಸುವ ಕೆಲಸ. ವಾರವಾರ ಮಾಡಬೇಕಾದ ಕೆಲಸಕ್ಕೆ ಹತ್ತಿರದ ಸಾಕ್ಷ್ಯ ಬ್ರಿಟನ್ನಿನಿಂದ ಬಂದಿತು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೂರ್ಛೆರೋಗಕ್ಕೆ ಗುಳಿಗೆ ತೆಗೆದುಕೊಳ್ಳುವ ಕೆಲವರಿಂದ ಒಂದೇ ಹಾಳೆ ಬರೆಸಿದರು. ಇಷ್ಟು ಗಂಟೆಗೆ, ಇಂಥ ಕೋಣೆಯಲ್ಲಿ, ಇಂಥ ಕೆಲಸ ಮುಗಿಸಿದರೆ ಗುಳಿಗೆ ನುಂಗುತ್ತೇನೆ ಎಂದು ಅವರೇ ತಮ್ಮ ದಿನಚರಿ ನೋಡಿ ಭರ್ತಿ ಮಾಡಿದರು. ಮುಚ್ಚಳ ತೆಗೆದ ಹೊತ್ತನ್ನು ತಾನೇ ದಾಖಲಿಸುವ ಡಬ್ಬಿ ಕೊಟ್ಟು ಒಂದು ತಿಂಗಳು ಲೆಕ್ಕವಿಟ್ಟರು. ಹಾಳೆ ಬರೆದವರು 100ಕ್ಕೆ 79 ಗುಳಿಗೆಗಳನ್ನು ಸರಿಯಾದ ಹೊತ್ತಿಗೆ ತೆಗೆದುಕೊಂಡಿದ್ದರು, ಬರೆಯದವರು 55. ರೋಗ ಒಂದೇ; ವ್ಯತ್ಯಾಸವಿದ್ದದ್ದು ಒಮ್ಮೆ ಬರೆದ ಒಂದು ಹಾಳೆಯಲ್ಲಿ.

ಕೀಡಿಯ ಗಡಿಯಾರ

ಚೀಟಿ ಬರೆಯುವ ಮುನ್ನ ಕೀಡಿಯ ಲೆಕ್ಕ ತಿಳಿದಿರಬೇಕು. ಚೀಟಿಯ ಹೊತ್ತು ಅದರ ಹೊತ್ತಿಗೆ ಹೊಂದಬೇಕು.

ಕಾಯಿಕೊರಕದ ಪತಂಗ ರಾತ್ರಿ ಹೊತ್ತು ತೊಗರಿಯ ಮೊಗ್ಗು, ಹೂವು, ಎಳೆ ಕುಡಿಗಳ ಮೇಲೆ ಬಿಡಿಬಿಡಿಯಾಗಿ ತತ್ತಿ ಇಡುತ್ತದೆ. ಒಂದು ಹೆಣ್ಣು ಪತಂಗ ತನ್ನ ಆಯಸ್ಸಿನಲ್ಲಿ ನೂರಾರು ತತ್ತಿ ಇಡಬಲ್ಲದು. ತತ್ತಿ ಬಿಳಿ-ಹಳದಿ ಬಣ್ಣದ್ದು, ಗಸಗಸೆ ಕಾಳಿಗಿಂತ ದೊಡ್ಡದಲ್ಲ. ಮೂರರಿಂದ ಐದು ದಿನದಲ್ಲಿ ಒಡೆದು ಮರಿಹುಳು ಹೊರಬರುತ್ತದೆ. ಮೊದಲ ದಿನಗಳಲ್ಲಿ ಅದು ಮೊಗ್ಗು, ಹೂವು ಕೆರೆದು ತಿನ್ನುತ್ತದೆ. ಬೆಳೆದ ಮೇಲೆ ಕಾಯಿಗೆ ತೂತು ಕೊರೆದು, ತಲೆಯನ್ನು ಒಳಗಿಟ್ಟು ಮೈಯನ್ನು ಹೊರಗೆ ಬಿಟ್ಟುಕೊಂಡು ಕಾಳು ತಿನ್ನುತ್ತದೆ. ಹುಳುವಿನ ಅವಸ್ಥೆ ಸುಮಾರು ಎರಡರಿಂದ ಮೂರು ವಾರ. ಆಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ.

ಇದರಲ್ಲಿ ರೈತನಿಗೆ ಬೇಕಾದ ಮಾತು ಒಂದೇ. ಔಷಧ ಚೆನ್ನಾಗಿ ಕೆಲಸ ಮಾಡುವುದು ಹುಳು ಚಿಕ್ಕದಿದ್ದಾಗ. ಬಲಿತು ಕಾಯಿಯೊಳಗೆ ತಲೆ ಇಟ್ಟ ಮೇಲೆ ಅದೇ ಔಷಧಕ್ಕೆ ಅದು ಸುಲಭವಾಗಿ ಸಾಯುವುದಿಲ್ಲ, ಅಷ್ಟರಲ್ಲಿ ಕಾಳೂ ಹೋಗಿರುತ್ತದೆ. ವಾರಕ್ಕೊಮ್ಮೆ ಹೊಲ ನೋಡಿದರೆ, ಒಮ್ಮೆ ನೋಡಿ ಬಂದ ರಾತ್ರಿಯೇ ಇಟ್ಟ ತತ್ತಿಯೂ ಮುಂದಿನ ಸಲ ನೋಡುವಾಗ ನಾಲ್ಕು ದಿನಕ್ಕಿಂತ ದೊಡ್ಡ ಹುಳುವಾಗಿರುವುದಿಲ್ಲ. ಎರಡು ವಾರಕ್ಕೊಮ್ಮೆ ನೋಡಿದರೆ ಅದೇ ತತ್ತಿಯ ಹುಳುವಿಗೆ ಒಂಬತ್ತರಿಂದ ಹನ್ನೊಂದು ದಿನವಾಗಿರುತ್ತದೆ. ‘ಆಗಾಗ ನೋಡಬೇಕು’ ಎಂಬ ಚೀಟಿ ಸೋಲುವುದು ಈ ಒಂದು ವಾರದ ಅಂತರದಲ್ಲಿ.

ತಡವಾಗುವುದು ಒಂದು ತಪ್ಪಾದರೆ, ಬೇಡದಿದ್ದರೂ ಹೊಡೆಯುವುದು ಇನ್ನೊಂದು. ಪಕ್ಕದ ಹೊಲದಲ್ಲಿ ಪಂಪಿನ ಸದ್ದು ಕೇಳಿ ತಾನೂ ಡಬ್ಬಿ ತರುವವರು ಬಹಳ. ಅದಕ್ಕೆ ದುಡ್ಡು ಹೋಗುತ್ತದೆ, ಕೀಡಿಯನ್ನು ತಿನ್ನುವ ಮಿತ್ರ ಕೀಟಗಳು ಸಾಯುತ್ತವೆ, ಕೀಡಿಯ ಸಂತತಿ ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ಈ ಎರಡೂ ತಪ್ಪಿಗೆ ಕೃಷಿ ವಿಜ್ಞಾನಿಗಳು ಒಂದೇ ಉತ್ತರ ಕೊಟ್ಟಿದ್ದಾರೆ. ಅದು ಆರ್ಥಿಕ ನಷ್ಟ ರೇಖೆ. ತೊಗರಿಯ ಕಾಯಿಕೊರಕಕ್ಕೆ ನಮ್ಮ ಭಾಗದಲ್ಲಿ ಹೇಳುವ ರೇಖೆ ಗಿಡಕ್ಕೆ ಸರಾಸರಿ ಎರಡು ತತ್ತಿ ಅಥವಾ ಒಂದು ಹುಳು. ಅದಕ್ಕಿಂತ ಕಡಿಮೆಯಿದ್ದರೆ ಹೊಡೆಯುವ ಖರ್ಚು ಉಳಿಯುವ ಕಾಳಿನ ಬೆಲೆಗಿಂತ ಹೆಚ್ಚು.

ಈ ರೇಖೆಯ ಮಾತೇ ‘ಇಷ್ಟು ಕಂಡರೆ ಇದನ್ನು ಮಾಡು’ ಎಂಬ ರೂಪದಲ್ಲಿದೆ. ಅದನ್ನು ಪುಸ್ತಕದಿಂದ ಬಿಡಿಸಿ ರೈತನ ಗೋಡೆಯ ಚೀಟಿಗೆ ಇಳಿಸುವ ಕೆಲಸ ಮಾತ್ರ ಉಳಿದಿದೆ.

ಒಂದು ಹೊಲ, ಒಂದು ಹಂಗಾಮು

ಯಡ್ರಾಮಿ ಹತ್ತಿರದ ನಾಲ್ಕೆಕರೆ ಒಣಬೇಸಾಯದ ಹೊಲವನ್ನು ಇಟ್ಟುಕೊಳ್ಳೋಣ. ಮಿರಗದ ಮಳೆ ಬಿದ್ದು ಹದವಾಗಿ, ಆರಿದ್ರಾ ಮಳೆಯ ಹೊತ್ತಿಗೆ ಜೂನ್ 25ರಂದು ತೊಗರಿ ಬಿತ್ತಿದರು ಎನ್ನಿ. ಚೀಟಿ ಬರೆಯಲು ತಕ್ಕ ಹೊತ್ತು ಬಿತ್ತಿದ ದಿನದ ಸಂಜೆ. ಆಗ ಕೀಡಿಯ ಭಯವಿಲ್ಲ, ಅಂಗಡಿಯವರ ಒತ್ತಾಯವಿಲ್ಲ, ಮನಸ್ಸು ತಿಳಿಯಾಗಿರುತ್ತದೆ. ಅಕ್ಟೋಬರಿನಲ್ಲಿ ತೆಗೆದುಕೊಳ್ಳಬೇಕಾದ ನಿರ್ಧಾರವನ್ನು ಜೂನಿನಲ್ಲೇ ತೆಗೆದುಕೊಂಡು ಇಡುವುದು ಈ ಚೀಟಿಯ ಉದ್ದೇಶ.

ಮೊದಲ ಚೀಟಿ ಕುಡಿ ಚಿವುಟುವುದಕ್ಕೆ. ಬಿತ್ತಿದ 45ರಿಂದ 50 ದಿನದೊಳಗೆ ತುದಿ ಚಿವುಟಿದರೆ ಟೊಂಗೆಗಳು ಹೆಚ್ಚಿ ಕಾಯಿ ಹೆಚ್ಚುತ್ತದೆ ಎಂಬುದು ಈ ಭಾಗದ ತೊಗರಿ ಬೆಳೆಗಾರರಿಗೆ ಗೊತ್ತಿರುವ ಮಾತು. ಇದಕ್ಕೆ ತಾರೀಖೇ ಗುರುತು. ಜೂನ್ 25ಕ್ಕೆ 45 ಕೂಡಿಸಿದರೆ ಆಗಸ್ಟ್ 9, 50 ಕೂಡಿಸಿದರೆ ಆಗಸ್ಟ್ 14. ಕ್ಯಾಲೆಂಡರಿನಲ್ಲಿ ಆ ಆರು ದಿನಗಳ ಸುತ್ತ ಗೆರೆ ಎಳೆದು, ‘ಆಗಸ್ಟ್ 9 ಬಂದ್ರ, ಮುಂಜಾನಿ ಬೇವಿನ ಮರದ ಕಡಿಯಿಂದ ಚಿವುಟೋದು ಸುರು’ ಎಂದು ಬರೆದರೆ ಸಾಕು. ಲೆಕ್ಕ ಹಾಕಿದರೆ ಸಿಗುವ ಕೆಲಸಕ್ಕೆ ತಾರೀಖು ಒಳ್ಳೆಯ ಗುರುತು, ಮೊಬೈಲಿನ ಅಲಾರಾಂ ಕೂಡ ಇಲ್ಲಿ ಸರಿಯಾಗಿ ಕೆಲಸಕ್ಕೆ ಬರುತ್ತದೆ.

ಕೀಡಿಗೆ ತಾರೀಖು ಸಾಲದು. ತಳಿ ನೋಡಿ, ಮಳೆ ನೋಡಿ ಹೂವು ಹಿಂದೆ ಮುಂದೆ ಆಗುತ್ತದೆ. ಹಬ್ಬವನ್ನು ಗುರುತಾಗಿಟ್ಟುಕೊಳ್ಳುವ ರೂಢಿ ನಮ್ಮಲ್ಲಿ ಹಳೆಯದು, ಸೀಗಿ ಹುಣ್ಣಿಮೆಗೆ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದು ಬೆಳೆಯನ್ನೂ ನೋಡುತ್ತಾರೆ. ಆದರೆ ಹುಣ್ಣಿಮೆ ಚಾಂದ್ರಮಾನದ್ದು. 2023ರಲ್ಲಿ ಅದು ಅಕ್ಟೋಬರ್ 28ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ ಮೊದಲ ವಾರದಲ್ಲೇ ಬಂದುಹೋಯಿತು. ಮೂರು ವಾರದ ಈ ಓಡಾಟದಲ್ಲಿ ಕೀಡಿಯ ಒಂದು ತಲೆಮಾರು ಬೆಳೆದು ಮಣ್ಣು ಸೇರಿರುತ್ತದೆ. ಹಾಗಾಗಿ ಗುರುತು ಗಿಡದ ಮೇಲೆಯೇ ಇರಬೇಕು. ದಾರಿಯಲ್ಲಿ ಹೋಗುವವನ ಕಣ್ಣಿಗೂ ಬೀಳುವಂಥದ್ದು ತೊಗರಿಯ ಹಳದಿ ಹೂವು. ಎರಡನೆಯ ಚೀಟಿ ಹೀಗೆ:

‘ಹೊಲದಾಗ ಮೊದಲ ಹಳದಿ ಹೂ ಕಂಡ್ರ, ಅವತ್ತು ಸಂಜಿಗೆ ಕ್ಯಾಲೆಂಡರದಾಗ ಮುಂದಿನ ಎಲ್ಲಾ ಸೋಮವಾರಕ್ಕ ಸುತ್ತು ಹಾಕೋದು.’

ಸೋಮವಾರವೇ ಯಾಕೆ? ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತು ಕಟ್ಟಿಹಾಕಿದ ದಿನ ಒಕ್ಕಲಿಗನ ಕೈಗೆ ಒಂದಿಷ್ಟು ಬಿಡುವು ಸಿಗುತ್ತದೆ. ಎಣಿಕೆಯಲ್ಲಿ ಕೀಡಿ ರೇಖೆ ದಾಟಿದ್ದು ಕಂಡರೆ ಅದೇ ದಿನ ಯಡ್ರಾಮಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಲೂಬಹುದು. ಭಾನುವಾರ ನೋಡಿದರೆ ಆ ಸೌಲಭ್ಯವಿಲ್ಲ. ಮೊದಲೇ ಗಟ್ಟಿಯಾಗಿರುವ ರೂಢಿಯ ಮೇಲೆ ಹೊಸ ಕೆಲಸವನ್ನು ಕೂರಿಸಿದರೆ ಗುರುತನ್ನು ಬೇರೆಯಾಗಿ ನೆನಪಿಡಬೇಕಾಗಿಲ್ಲ. ಎತ್ತಿನ ಬದಲು ಟ್ರ್ಯಾಕ್ಟರ್ ಇಟ್ಟುಕೊಂಡ ಮನೆಗೆ ಈ ಗುರುತು ಹೊಂದದಿರಬಹುದು. ಅವರು ತಮ್ಮ ವಾರದಲ್ಲಿ ಯಾವುದು ಗಟ್ಟಿಯೋ ಅದನ್ನು ಹಿಡಿಯಬೇಕು.

ಮೂರನೆಯ ಚೀಟಿ ಎಣಿಕೆಗೆ:

‘ಸೋಮವಾರ ಮುಂಜಾನಿ ಚಾ ಕುಡದು ಲೋಟ ಕೆಳಗಿಟ್ರ, ಬುತ್ತಿ ಕಟ್ಟೋಕ್ಕಿಂತ ಮೊದಲೇ ಹೊಲಕ್ಕ ಹೋಗಿ, ಕೆಂಪು ಅರಿವಿ ಕಟ್ಟಿದ ಐದು ಗೂಟದ ಹತ್ತಿರ ನಾಕ್ ನಾಕ್ ಗಿಡ ಎಣಸೋದು.’

ಐದು ಗೂಟಗಳಲ್ಲಿ ನಾಲ್ಕು ಹೊಲದ ನಾಲ್ಕು ಮೂಲೆಗಳಲ್ಲಿ, ಒಡ್ಡಿನಿಂದ ಹತ್ತು ಹೆಜ್ಜೆ ಒಳಗೆ, ಒಂದು ನಡುವೆ. ಒಡ್ಡಿನ ಪಕ್ಕದ ಗಿಡಗಳಷ್ಟನ್ನೇ ನೋಡಿದರೆ ಹೊಲದ ನಿಜ ತಿಳಿಯುವುದಿಲ್ಲ. ಗೂಟದ ಸುತ್ತ ವಾರವಾರ ಬೇರೆ ಬೇರೆ ನಾಲ್ಕು ಗಿಡ ಹಿಡಿಯಬೇಕು. ಪ್ರತಿ ಗಿಡದ ಮೊಗ್ಗು, ಹೂಗೊಂಚಲು, ಕುಡಿ, ಎಳೆ ಕಾಯಿಗಳನ್ನು ಮೇಲಿನಿಂದ ಕೆಳಗೆ ನೋಡಿ ತತ್ತಿ ಎಷ್ಟು, ಹುಳು ಎಷ್ಟು ಎಂದು ಎರಡೇ ಅಂಕಿ ಬರೆದುಕೊಳ್ಳಬೇಕು.

ಕೆಂಪು ಅರಿವೆ ಅಲಂಕಾರಕ್ಕೆ ಕಟ್ಟಿದ್ದಲ್ಲ. 2016ರಲ್ಲಿ ಅಮೆರಿಕದ ಸಂಶೋಧಕರಾದ ಟಾಡ್ ರೋಜರ್ಸ್ ಮತ್ತು ಕ್ಯಾಥರಿನ್ ಮಿಲ್ಕ್‌ಮನ್ ಒಂದು ಕಾಫಿ ಅಂಗಡಿಯ ಗಿರಾಕಿಗಳಿಗೆ ಮುಂದಿನ ಒಂದು ದಿನ ಬಳಸಬೇಕಾದ ರಿಯಾಯಿತಿ ಚೀಟಿ ಹಂಚಿದರು. ಆ ದಿನ ಗಲ್ಲಾಪೆಟ್ಟಿಗೆಯ ಬಳಿ ಒಂದು ವಿಚಿತ್ರ ಬೊಂಬೆ ನಿಂತಿತ್ತು. ‘ಆ ಬೊಂಬೆ ಕಂಡಾಗ ಚೀಟಿ ನೆನಪಿಸಿಕೊಳ್ಳಿ’ ಎಂದು ಮೊದಲೇ ತಿಳಿಸಿದವರಲ್ಲಿ 100ಕ್ಕೆ 24 ಮಂದಿ ಚೀಟಿ ಬಳಸಿದರು, ತಿಳಿಸದವರಲ್ಲಿ 17. ಕೆಲಸ ಮಾಡಬೇಕಾದ ಜಾಗದಲ್ಲೇ, ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣುವ ಗುರುತು ಇದ್ದರೆ ಅದು ನೆನಪಿಸುತ್ತದೆ. ಹಸಿರು ಹೊಲದಲ್ಲಿ ಕೆಂಪು ಅರಿವೆಗೆ ಆ ಗುಣವಿದೆ. ಓದು ಬಾರದವರಿಗೂ ಅದು ಒಂದು ಚೀಟಿ.

ಅಂಕಿ ಮುಟ್ಟಿದರೆ

ಗಿಡಕ್ಕೆ ಒಂದು ಹುಳು ಎಂಬುದು ಸರಾಸರಿ. ಒಂದು ಗಿಡದಲ್ಲಿ ಐದು ಹುಳು ಕಂಡು ಗಾಬರಿಯಾಗುವವರಿದ್ದಾರೆ, ಪಕ್ಕದ ಗಿಡಗಳು ಖಾಲಿಯಿದ್ದರೆ ಅದು ರೇಖೆಯ ಕೆಳಗೇ. ಈ ಗೊಂದಲ ಬೇಡವೆಂದರೆ ಸರಾಸರಿಯನ್ನು ಒಟ್ಟು ಮೊತ್ತವಾಗಿ ಬರೆಯಬೇಕು. 20 ಗಿಡ ನೋಡುವುದರಿಂದ ಹುಳುವಿನ ರೇಖೆ 20, ತತ್ತಿಯ ರೇಖೆ 40. ಹೊಲದಲ್ಲಿ ನಿಂತು ಭಾಗಿಸುವ ಕೆಲಸವೇ ಇಲ್ಲ. ಕೊನೆಯ ಚೀಟಿಯಲ್ಲಿ ಎರಡು ಸಾಲು:

‘20 ಗಿಡದಾಗ ತತ್ತಿ 40 ಮುಟ್ಟಿದ್ರ, ಅವತ್ತು ಸಂಜಿಗೇ ಬೇವಿನ ಬೀಜದ ಪುಡಿ ನೆನಿ ಹಾಕೋದು, ಮರುದಿನ ಸಂಜಿಗೆ ಹೊಡೆಯೋದು.’

‘20 ಗಿಡದಾಗ ಹುಳ 20 ಮುಟ್ಟಿದ್ರ, ಅವತ್ತೇ ರೈತ ಸಂಪರ್ಕ ಕೇಂದ್ರಕ್ಕ ಹೋಗಿ ಈ ಲೆಕ್ಕ ತೋರಸೋದು, ಔಷಧದ ಹೆಸರು, ಎಕರೆಗೆ ಎಷ್ಟು ಅಂತ ಬರಸ್ಕೊಂಡು ಬರೋದು, ಮರುದಿನ ಮುಂಜಾನಿ ಹೊಡೆಯೋದು.’

ಎರಡನೆಯ ತುಂಡು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಗಮನಿಸಬೇಕು. ಬೇವಿನ ಕಷಾಯ ಶೇ 5ರ ಪ್ರಮಾಣದಲ್ಲಿ ಬೇಕು. ಎಕರೆಗೆ 200 ಲೀಟರ್ ಎಂದರೆ ಹತ್ತು ಕೆಜಿ ಬೀಜದ ತಿರುಳಿನ ಪುಡಿ. ಅದು ರಾತ್ರಿಯಿಡೀ ನೆನೆಯಬೇಕು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಬೇಕು, ಎಲೆಗೆ ಅಂಟಲು ಸ್ವಲ್ಪ ಸಾಬೂನು ಸೇರಿಸಬೇಕು. ಬಿಸಿಲಿಗೆ ಅದರ ಸತ್ವ ಕುಗ್ಗುವುದರಿಂದ ಸಂಜೆ ಹೊಡೆಯಬೇಕು. ‘ಬೇವು ಹೊಡೆಯೋದು’ ಎಂದಷ್ಟೇ ಬರೆದರೆ ಮಂಗಳವಾರ ಸಂಜೆ ಪುಡಿ ನೆನೆದಿಲ್ಲ ಎಂದು ಗೊತ್ತಾಗುತ್ತದೆ, ಕೆಲಸ ಬುಧವಾರಕ್ಕೆ ಹೋಗುತ್ತದೆ, ತತ್ತಿ ಅಷ್ಟರಲ್ಲಿ ಒಡೆಯತೊಡಗುತ್ತದೆ. ಚೀಟಿಯಲ್ಲಿ ಬರೆಯಬೇಕಾದದ್ದು ಕೊನೆಯ ಕೆಲಸವಲ್ಲ, ಅಂದೇ ಕೈ ಹಾಕಬೇಕಾದ ಮೊದಲ ಕೆಲಸ. ಹಿಂದಕ್ಕೆ ಹೋದರೆ ಈ ಸರಪಳಿ ಬೇಸಿಗೆಯವರೆಗೂ ಹೋಗುತ್ತದೆ. ಬೇವಿನ ಹಣ್ಣು ಉದುರುವ ಹೊತ್ತಿಗೆ ಬೀಜ ಆರಿಸಿ ಒಣಗಿಸಿ ಇಟ್ಟವರಿಗೆ ಮಾತ್ರ ಅಕ್ಟೋಬರಿನಲ್ಲಿ ಪುಡಿ ಸಿಗುತ್ತದೆ.

ಈ ಹೊಲದ ಅಂಕಿಗಳು ಹೀಗೆ ಬಂದವು ಎಂದು ಊಹಿಸಿ. ಮೊದಲ ಸೋಮವಾರ ತತ್ತಿ 9, ಹುಳು 3. ಏನೂ ಮಾಡಬೇಕಾಗಿಲ್ಲ. ಎರಡನೆಯ ಸೋಮವಾರ ತತ್ತಿ 22, ಹುಳು 8. ಆಗಲೇ ಪಕ್ಕದವರು ಪಂಪು ಏರಿಸಿರುತ್ತಾರೆ, ಮನಸ್ಸು ಅಲುಗುತ್ತದೆ, ಆದರೆ ಚೀಟಿ ಸುಮ್ಮನಿರು ಎನ್ನುತ್ತದೆ. ಮೂರನೆಯ ಸೋಮವಾರ ತತ್ತಿ 43, ಹುಳು 11. ಹುಳುವಿನ ರೇಖೆ ಮುಟ್ಟಿಲ್ಲ, ತತ್ತಿಯ ರೇಖೆ ದಾಟಿದೆ. ಸಂಜೆ ಪುಡಿ ನೆನೆಹಾಕುತ್ತಾರೆ, ಮಂಗಳವಾರ ಸಂಜೆ ಹೊಡೆಯುತ್ತಾರೆ. ನಾಲ್ಕನೆಯ ಸೋಮವಾರ ತತ್ತಿ 18, ಹುಳು 21. ಅಂದೇ ರೈತ ಸಂಪರ್ಕ ಕೇಂದ್ರ, ಮರುದಿನ ಮುಂಜಾನೆ ಸಿಂಪರಣೆ. ಐದನೆಯ ಸೋಮವಾರದ ಎಣಿಕೆ ಈ ಸಿಂಪರಣೆಯ ಪರೀಕ್ಷೆ. ಅಂಕಿ ಇಳಿದಿದ್ದರೆ ಔಷಧ ಕೆಲಸ ಮಾಡಿದೆ. ಇಳಿಯದಿದ್ದರೆ ಅದೇ ಡಬ್ಬಿಯನ್ನು ಇನ್ನೊಮ್ಮೆ ಹೊಡೆಯದೆ, ಎರಡೂ ವಾರದ ಲೆಕ್ಕವನ್ನು ಕೇಂದ್ರದವರ ಮುಂದಿಟ್ಟು ಬೇರೆ ಗುಂಪಿನ ಔಷಧ ಕೇಳಬೇಕು.

ಎಷ್ಟು ಜಾಗರೂಕರಾಗಿದ್ದರೂ ಕೆಲವು ವರ್ಷ ಬಲಿತ ಹುಳುಗಳೇ ಕಾಣುತ್ತವೆ. 1997-98ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿಯನ್ನು ಕಾಯಿಕೊರಕ ಹಾಳುಗೆಡವಿದ್ದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಹುಳು ಬೆರಳ ಗೆಣ್ಣಿನಷ್ಟು ಬೆಳೆದ ಮೇಲೆ ನಮ್ಮ ಕಡೆಯ ಹಳೆಯ ಪದ್ಧತಿಯೇ ಕೈಗೆ ಬರುತ್ತದೆ. ಸಾಲಿನ ನಡುವೆ ತಾಡಪತ್ರಿ ಎಳೆಯುತ್ತ, ಎರಡೂ ಬದಿಯ ಗಿಡಗಳನ್ನು ಅಲುಗಾಡಿಸಿ, ಬಿದ್ದ ಹುಳುಗಳನ್ನು ಒಟ್ಟುಮಾಡಿ ನಾಶಮಾಡುವುದು. ಮೂರು ಜನರ ಕೈ ಬೇಕು. ಹಾಗಾಗಿ ಚೀಟಿಗೆ ಇದೂ ಸೇರುವುದಾದರೆ ಎರಡನೆಯ ತುಂಡು ‘ಗಿಡ ಅಲುಗಾಡಸೋದು’ ಎಂದಿರದೆ, ‘ಅವತ್ತು ರಾತ್ರಿ ಅಣ್ಣಗ ಫೋನ್ ಮಾಡಿ ಮುಂಜಾನಿ ಮೂರು ಆಳು ಹೇಳೋದು’ ಎಂದಿರಬೇಕು.

ಚೀಟಿ ಎಲ್ಲಿ ಕೆಡುತ್ತದೆ

ಹೆಚ್ಚಿನ ಚೀಟಿಗಳು ಮೊದಲ ತುಂಡಿನಲ್ಲೇ ಕೆಡುತ್ತವೆ. ‘ಬಿಡುವಾದ್ರ’, ‘ಕೀಡಿ ಜಾಸ್ತಿ ಆದ್ರ’, ‘ಮಳಿ ಬಿಟ್ರ’ ಎಂಬುವು ನೋಡಲು ಇದೇ ರೂಪದವು, ಆದರೆ ಗುರುತುಗಳಲ್ಲ. ಬಿಡುವು ಯಾವ ಗಳಿಗೆಯಲ್ಲಿ ಆಯಿತು ಎಂದು ಹೇಳುವವರಿಲ್ಲ. ಜಾಸ್ತಿ ಎಂದರೆ ಗಂಡನಿಗೆ ಒಂದು ಲೆಕ್ಕ, ಹೆಂಡತಿಗೆ ಇನ್ನೊಂದು. ಪರೀಕ್ಷೆ ಸುಲಭ. ಗುರುತನ್ನು ಓದಿ ಹೇಳಿದಾಗ, ಅದು ಆಯಿತೋ ಇಲ್ಲವೋ ಎಂಬುದರಲ್ಲಿ ಮನೆಯ ಇಬ್ಬರು ಒಂದೇ ಮಾತು ಹೇಳಬೇಕು. ಹೇಳದಿದ್ದರೆ ಅಲ್ಲಿ ಅಂಕಿಯನ್ನೋ ವಸ್ತುವನ್ನೋ ಹಾಕಬೇಕು.

ಎರಡನೆಯದಾಗಿ, ಅಡ್ಡಿಯನ್ನು ಬರೆಯದೆ ಬಿಡುವುದು. ಸೋಮವಾರ ಮಳೆ ಬಂದರೆ? ‘ಸೋಮವಾರ ಮಳಿ ಬಂದ್ರ ಮಂಗಳವಾರ ಅದೇ ಹೊತ್ತಿಗೆ’ ಎಂಬ ಒಂದು ಸಾಲು ಸಾಕು. ಬ್ಯಾಟರಿ ಪಂಪು ಬಾಡಿಗೆಯದಾದರೆ, ಅದು ಸಿಗದಿದ್ದ ದಿನ ಯಾರನ್ನು ಕೇಳುವುದು ಎಂಬುದೂ ಒಂದು ಸಾಲು. ಪ್ರತಿ ಅಡ್ಡಿಗೂ ಒಂದೇ ಬದಲಿ ದಾರಿ ಇರಲಿ. ಮೂರು ನಾಲ್ಕು ಬದಲಿ ಬರೆದರೆ ಮತ್ತೆ ಅಲ್ಲಿ ನಿಂತು ಆರಿಸುವ ಕೆಲಸ ಬರುತ್ತದೆ.

ಮೂರನೆಯ ಅಪಾಯ ಚೀಟಿ ಇಷ್ಟವಾದವರಿಗೆ ಬರುವಂಥದ್ದು. ತೊಗರಿ, ಎಮ್ಮೆ, ಮಕ್ಕಳ ಶಾಲೆ ಫೀಜು, ಸೊಸೈಟಿ ಸಾಲ, ಗುಳಿಗೆ ಎಂದು ಎಲ್ಲದಕ್ಕೂ ಹೀಗೆಯೇ ಬರೆಯತೊಡಗುವುದು. ಆಮಿ ಡಾಲ್ಟನ್ ಮತ್ತು ಸ್ಟೀಫನ್ ಸ್ಪಿಲ್ಲರ್ 2012ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದೇ ಗುರಿಗೆ ಹೀಗೆ ಯೋಜನೆ ಮಾಡಿದವರಿಗೆ ಲಾಭವಾಯಿತು, ಏಕಕಾಲಕ್ಕೆ ಹಲವು ಗುರಿಗಳಿಗೆ ಮಾಡಿದವರಿಗೆ ಆ ಲಾಭ ಸಿಗಲಿಲ್ಲ. ಎಲ್ಲವನ್ನೂ ಒಟ್ಟಿಗೆ ಬರೆಯುವಾಗ ಎಷ್ಟು ಕಷ್ಟವಿದೆ ಎಂಬುದೇ ಕಣ್ಣಿಗೆ ಕಟ್ಟಿ, ಯಾವುದಕ್ಕೂ ಮನಸ್ಸು ಕೂಡುವುದಿಲ್ಲ. ಆದುದರಿಂದಲೇ ಈ ಹೊಲದ ಚೀಟಿಗಳು ಒಂದರ ಹಿಂದೆ ಒಂದು ಬರುವಂತಿವೆ. ಹೂ ಕಾಣುವವರೆಗೆ ಸೋಮವಾರದ ಚೀಟಿ ಮಲಗಿರುತ್ತದೆ, ಅಂಕಿ ಮುಟ್ಟುವವರೆಗೆ ಔಷಧದ ಚೀಟಿ ಮಲಗಿರುತ್ತದೆ. ಯಾವುದೇ ದಿನ ಎಚ್ಚರವಿರುವುದು ಒಂದೇ.

ಚೀಟಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸುತ್ತು ಹಾಕಿದ ಸೋಮವಾರಗಳನ್ನು ನೋಡಿದರೆ ಸಾಕು. ಎಣಿಸಿದ ದಿನ ಆ ಸುತ್ತಿನೊಳಗೆ ಎರಡು ಅಂಕಿ ಇರುತ್ತವೆ. ಎರಡು ಸುತ್ತು ಒಂದರ ಹಿಂದೆ ಒಂದು ಖಾಲಿ ಉಳಿದರೆ ಯಾರನ್ನೂ ಸೋಮಾರಿ ಎನ್ನಬೇಕಾಗಿಲ್ಲ. ಆ ಗುರುತು ಆ ಮನೆಗೆ ಹೊಂದಿಲ್ಲ. ಬಹುಶಃ ಸೋಮವಾರ ಮುಂಜಾನೆ ಆತ ಚಹಾ ಕುಡಿಯುವುದು ಮನೆಯಲ್ಲಲ್ಲ, ಬಸ್ ನಿಲ್ದಾಣದಲ್ಲಿ. ಗುರುತನ್ನು ಬದಲಿಸಿ. ಹೊಲದಲ್ಲಿ ಹೆಚ್ಚು ಹೊತ್ತು ಇರುವವಳು ಮನೆಯ ಹೆಣ್ಣುಮಗಳಾದರೆ ಎಣಿಕೆಯ ಚೀಟಿ ಅವಳದಾಗಲಿ, ಅವಳ ದಿನದ ಗುರುತಿನಿಂದ ಶುರುವಾಗಲಿ.

ಕೃಷಿ ಇಲಾಖೆ, ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರಗಳು ರೈತರ ಮೊಬೈಲಿಗೆ ಸಂದೇಶ ಕಳಿಸುತ್ತವೆ. ಆ ಸಂದೇಶಗಳನ್ನು ಬರೆಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ‘ಕಾಯಿಕೊರಕದ ಹತೋಟಿಗೆ ಸೂಕ್ತ ಕ್ರಮ ಕೈಗೊಳ್ಳಿ’ ಎಂಬ ಸಾಲಿನಲ್ಲಿ ಓದುವವನು ಇಂದು ಮಾಡಬಹುದಾದದ್ದು ಏನೂ ಇಲ್ಲ. ‘ನಾಳೆ ಮುಂಜಾನೆ 20 ಗಿಡ ನೋಡಿ, 20 ಹುಳು ಕಂಡರೆ ಎಣಿಕೆ ಬರೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ’ ಎಂದರೆ ಒಂದೇ ಸಾಲಿನ ಸಂದೇಶದಲ್ಲಿ ಗುರುತೂ ಬಂತು, ಕೆಲಸವೂ ಬಂತು, ಸುಮ್ಮನಿರಬಹುದಾದ ಅಂಕಿಯೂ ಬಂತು.

ಚೀಟಿ ಮುಟ್ಟದ ಜಾಗ

ಔಷಧ ಕೊಳ್ಳಲು ಆ ವಾರ ದುಡ್ಡಿಲ್ಲದ ಮನೆಗೆ ಚೀಟಿ ದುಡ್ಡು ತರುವುದಿಲ್ಲ. ಆಳು ಸಿಗದ ಊರಿಗೆ ಆಳು ತರುವುದಿಲ್ಲ. ಮನಸ್ಸಿದ್ದು ಕೈ ಏಳದಿದ್ದಾಗ ಮಾತ್ರ ಅದು ನೆರವಿಗೆ ಬರುತ್ತದೆ. ಇದನ್ನು ಮರೆತು, ಬೆಳೆ ಹೋದವರನ್ನೆಲ್ಲ ಯೋಜನೆ ಮಾಡಲಿಲ್ಲ ಎಂದು ದೂರುವುದು ಅನ್ಯಾಯ.

ಇನ್ನೊಂದು ಮಿತಿ ರೋಗದ್ದು. ಕಲಬುರಗಿ ಸೀಮೆಯ ತೊಗರಿಗೆ ಕಾಯಿಕೊರಕದಷ್ಟೇ ದೊಡ್ಡ ಶತ್ರು ನೆಟೆರೋಗ. ಅದಕ್ಕೆ ‘ಗಿಡ ಬಾಡಿದ್ದು ಕಂಡರೆ ಔಷಧ’ ಎಂದು ಬರೆದ ಚೀಟಿಯಿಂದ ಪ್ರಯೋಜನವಿಲ್ಲ. ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಿಂದ ಬೇರಿನೊಳಗೆ ಹೋಗಿ ನೀರು ಸಾಗುವ ನಾಳಗಳನ್ನು ಕಟ್ಟಿಬಿಟ್ಟಿರುತ್ತದೆ. ಬಾಡಿದ ಗಿಡ ಯಾವ ಸಿಂಪರಣೆಗೂ ಏಳುವುದಿಲ್ಲ. ಕಾಂಡ ಸೀಳಿ ನೋಡಿದರೆ ಒಳಗೆ ಕಂದು-ಕಪ್ಪು ಗೆರೆ ಕಾಣುತ್ತದೆ, ಅದೇ ಅದರ ಗುರುತು. ಆ ಗುರುತು ಕಂಡಾಗ ಮಾಡಲು ಉಳಿದಿರುವ ಕೆಲಸ ಮುಂದಿನ ವರ್ಷದ್ದು: ಆ ಜಾಗವನ್ನು ಗುರುತಿಟ್ಟು, ಅಲ್ಲಿ ತೊಗರಿಯ ಬದಲು ಜೋಳ ಬಿತ್ತುವುದು, ನೆಟೆ ತಡೆಯುವ ತಳಿ ಕೇಳಿ ತರುವುದು. ಹೀಗಾಗಿ ನೆಟೆಯ ಚೀಟಿಯನ್ನು ಗೋಡೆಗೆ ಅಂಟಿಸುವುದಕ್ಕಿಂತ ಬೀಜದ ಚೀಲದ ಬಾಯಿಗೆ ಹೊಲಿಯುವುದು ಸರಿ. ‘ಈ ಚೀಲ ಬಿಚ್ಚಿದ್ರ, ಕೂರಿಗಿಗೆ ಹಾಕೋಕ್ಕಿಂತ ಮೊದಲ ಬೀಜಕ್ಕ ಟ್ರೈಕೋಡರ್ಮಾ ಹಚ್ಚೋದು.’ ಬಿತ್ತುವವನು ಆ ಚೀಲ ಬಿಚ್ಚದೆ ಬಿತ್ತಲಾರ. ಅಲ್ಲಿ ಬರೆದದ್ದು ಅವನ ಕಣ್ಣು ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.